ಕೊನೆಯ ಪುಟದ ಸಣ್ಣಕ್ಷರ

ಓಲಿಂಡಾ ಲೋಬೊ ಇಪ್ಪತ್ತೊಂಬತ್ತು ವರ್ಷ ಪತ್ರ ಬರೆದಳು, ಒಂದರಲ್ಲೂ ಅವಳ ಹೆಸರಿರಲಿಲ್ಲ.

ಇದರಲ್ಲಿ ಮೋಸವೇನೂ ಇಲ್ಲ, ಅವಳ ಕೆಲಸವೇ ಅದಾಗಿತ್ತು. ಹರ್ಲಿಂಗ್‌ಹ್ಯಾಮ್‌ನಲ್ಲಿ ಡಾಕ್ಟರ್ ಕ್ರಿಸ್ಟೋಫರ್ ಮಸ್ಕರೇನಸ್ ಅವರ ಕ್ಲಿನಿಕ್ಕಿಗೆ ಕಾರ್ಯದರ್ಶಿಯಾಗಿ ಸೇರಿದಾಗ ಅವಳಿಗೆ ಇಪ್ಪತ್ತಾರು. ಸ್ವಾಹಿಲಿ ಮಾತಾಡುವ ಈ ದೂರದ ನಾಡಿಗೆ ಅವಳನ್ನು ಕಿನ್ನಿಗೋಳಿಯಿಂದ ಅಣ್ಣ ಸೆಬಾಸ್ಟಿಯನ್ ಕರೆಸಿಕೊಂಡಿದ್ದ. ಡಾಕ್ಟರು ಮಂಗಳೂರಿನವರು, ಕೊಂಕಣಿ ಮಾತಾಡುವವರು, ಒಳ್ಳೆಯವರು, ಆದರೆ ಬರವಣಿಗೆಯಲ್ಲಿ ಮಹಾ ಸೋಮಾರಿ. "ಇನ್ಶೂರೆನ್ಸಿನವರಿಗೆ ಒಂದು ಕಡಕ್ ಪತ್ರ ಹಾಕು" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು. ಕಡಕ್ ಆಗುವುದು, ಮೆತ್ತಗಾಗುವುದು, ವೈದ್ಯರ ಸಂಘಕ್ಕೆ ಗಂಭೀರವಾಗುವುದು ಎಲ್ಲ ಓಲಿಂಡಾಳ ಪಾಲಿಗೆ. ಸಹಿ ಮಾತ್ರ ಅವರದು. ಪತ್ರದ ಕೊನೆಯ ಮೂಲೆಯಲ್ಲಿ ಹಳೆಯ ಆಫೀಸುಗಳ ಪದ್ಧತಿಯಂತೆ ಇಂಗ್ಲಿಷಿನಲ್ಲಿ ಅವರ ಇನಿಷಿಯಲ್ ದೊಡ್ಡಕ್ಷರದಲ್ಲಿ, ಒಂದು ಓರೆಗೆರೆ, ಆಮೇಲೆ ಟೈಪು ಮಾಡಿದವಳ ಇನಿಷಿಯಲ್ ಸಣ್ಣಕ್ಷರದಲ್ಲಿ: ಓ, ಎಲ್. ಆ ಎರಡು ಅಕ್ಷರಗಳನ್ನು ಅವಳು ಒಮ್ಮೆಯೂ ಮರೆತದ್ದಿಲ್ಲ. ಅಷ್ಟು ಜಾಗ ತನ್ನದು ಎಂಬುದು ಅವಳಿಗೆ ಸಾಕಾಗಿತ್ತು. ಸಾಕಾಗಿತ್ತೆಂದು ಅವಳು ಅಂದುಕೊಂಡಿದ್ದಳು ಎನ್ನುವುದು ಹೆಚ್ಚು ಸರಿ.

ಅಣ್ಣ ತೀರಿಕೊಂಡ. ಅತ್ತಿಗೆ ಮಕ್ಕಳ ಜೊತೆ ಕೆನಡಾಕ್ಕೆ ಹೋದಳು. ಎರಡು ವರ್ಷದ ಹಿಂದೆ ಡಾಕ್ಟರು ಕ್ಲಿನಿಕ್ಕನ್ನು ಬೇರೆಯವರಿಗೆ ಮಾರಿ ಮಂಗಳೂರಿಗೆ ಹೊರಟರು. ಓಲಿಂಡಾ ಮದುವೆಯಾಗಿರಲಿಲ್ಲ, ಅದೇ ಊರಿನ ಲಂಗಾಟಾದಲ್ಲಿ ಒಂದು ಕೋಣೆಯ ಫ್ಲ್ಯಾಟಿನಲ್ಲಿ ಉಳಿದಳು. ಹೊಸ ಮಾಲೀಕರು ಅವಳನ್ನು ಕೆಲಸದಲ್ಲಿ ಇಟ್ಟುಕೊಂಡರು, ಒಂದು ಷರತ್ತಿನ ಮೇಲೆ: ಮೂರು ವರ್ಷದೊಳಗೆ ಆಸ್ಪತ್ರೆ ಆಡಳಿತದ ಡಿಪ್ಲೊಮಾ ಆಗಬೇಕು, ಇಲ್ಲವಾದರೆ ಕರಾರು ಮುಂದುವರಿಯುವುದಿಲ್ಲ. ಕೆಲಸ ಹೋದರೆ ಕೆಲಸದ ಪರ್ಮಿಟ್ಟೂ ಹೋಗುತ್ತದೆ. ಐವತ್ತೇಳನೆಯ ವಯಸ್ಸಿನಲ್ಲಿ, ಕುಳಿತು ಕಲಿತದ್ದಕ್ಕಿಂತ ಮಾಡಿ ಕಲಿತದ್ದೇ ಹೆಚ್ಚಿರುವ ಹೆಂಗಸು ಸಂಜೆ ಕಾಲೇಜಿಗೆ ಚೀಲ ಹಿಡಿದು ಹೊರಟಳು.

ಕಾಲೇಜಿನಲ್ಲಿ ಕೊನೆಯ ಹಂತಕ್ಕೆ ಗುಂಪಿನ ಪ್ರಾಜೆಕ್ಟ್. ನಾಲ್ಕನೆಯ ಗುಂಪಿನಲ್ಲಿ ನಾಲ್ವರು. ಭಾರ್ಗವ ಮೈಸೂರಿನವನು, ಒಂದು ಔಷಧ ಕಂಪನಿಯ ಗೋದಾಮು ನೋಡಿಕೊಳ್ಳುವವನು, ಮಾತಿಗಿಂತ ಎಕ್ಸೆಲ್‌ ಶೀಟಿನಲ್ಲೇ ಹೆಚ್ಚು ಸುಖವಾಗಿರುವ ಹುಡುಗ. ನೇಹಾ ಬೆಂಗಳೂರಿನವಳು, ಲ್ಯಾವಿಂಗ್ಟನ್‌ನ ಶಾಲೆಯೊಂದರ ಆಫೀಸಿನಲ್ಲಿದ್ದಳು. ಮೇರಿ ಇದೇ ಊರಿನವಳು, ಹೊರವಲಯದ ಸಣ್ಣ ಕ್ಲಿನಿಕ್ಕೊಂದರ ನರ್ಸು. ವಿಷಯ: ಮೇರಿಯ ಕ್ಲಿನಿಕ್ಕಿನಲ್ಲಿ ರೋಗಿಗಳು ಎಷ್ಟು ಹೊತ್ತು ಕಾಯುತ್ತಾರೆ, ಯಾಕೆ.

ಕೆಲಸ ಹಂಚಿಕೊಂಡರು. ನೇಹಾಳಿಗೆ ಪೀಠಿಕೆ ಮತ್ತು ಹಿಂದೆ ಯಾರು ಏನು ಬರೆದಿದ್ದಾರೆ ಎಂಬ ಸಮೀಕ್ಷೆ. ಮೇರಿಗೆ ಮೂರು ದಿನ ಬೆಳಗ್ಗೆ ಕಾಯುವವರ ಬೆಂಚಿನ ಪಕ್ಕ ಗಡಿಯಾರ ಹಿಡಿದು ಕೂರುವ ಕೆಲಸ. ಭಾರ್ಗವನಿಗೆ ಕೋಷ್ಟಕ, ಲೆಕ್ಕ, ಚರ್ಚೆ. ಕೊನೆಗೆ ಇದನ್ನೆಲ್ಲ ಒಂದು ಮಾಡುವವರು ಯಾರು ಎಂಬ ಮಾತು ಬಂತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದ ಹಾಗಾಯಿತು; ಮೂವರೂ ಫೋನು ನೋಡತೊಡಗಿದರು.

"ಆಂಟಿ, ನೀವೇ ಜೋಡಿಸಿಬಿಡಿ. ನಿಮಗೆ ಟೈಪಿಂಗ್ ಸ್ಪೀಡ್ ಇದೆ" ಎಂದ ಭಾರ್ಗವ.

"ಆಯ್ತು ಮಾರಾಯ. ನನಗೆ ಬೇರೆ ಎಂತ ಕೆಲಸ ಉಂಟು" ಎಂದಳು ಓಲಿಂಡಾ.

ಬಂದ ಮೂರು ಕಡತಗಳನ್ನು ತೆರೆದಾಗ ಅವಳಿಗೆ ನಗು ಬಂತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದು ಇಂಥದ್ದಕ್ಕೇ. ನೇಹಾಳ ವಾಕ್ಯಗಳು ಪುಟದ ಈ ತುದಿಯಿಂದ ಆ ತುದಿಗೆ, ಉಸಿರು ಬಿಡಲು ಜಾಗವಿಲ್ಲ. ಮೇರಿ ಬರೆದದ್ದು ತಂಗಿಗೆ ಬರೆದ ಪತ್ರದ ಹಾಗೆ: "ಎರಡನೆಯ ದಿನ ಮಳೆ. ನಾನು ಬಾಗಿಲ ಬಳಿ ಕುಳಿತೆ. ಹಸಿರು ಕೋಟಿನ ಅಜ್ಜಿ ಬಂದರು." ಭಾರ್ಗವನದು ತಂತಿ ಸಂದೇಶ. ಒಬ್ಬರು ರೋಗಿ ಎಂದರೆ ಇನ್ನೊಬ್ಬರು ಗ್ರಾಹಕ, ಮತ್ತೊಬ್ಬರು ಕೇಸ್. ಕ್ಲಿನಿಕ್ಕಿನ ಪರಿಚಯ ಮೂರು ಕಡೆ ಮೂರು ಬಾರಿ ಇತ್ತು. ಪುಸ್ತಕಗಳ ಪಟ್ಟಿ ಮೂರು ರೀತಿ.

ಓಲಿಂಡಾ ಒಂದು ನೀಲಿ ನೋಟ್‌ಬುಕ್ ಕೊಂಡಳು. ಮೊದಲ ಪುಟದಲ್ಲಿ ನಿಯಮಗಳನ್ನು ಬರೆದುಕೊಂಡಳು. ಎಲ್ಲ ಕಡೆ 'ರೋಗಿ'. ನಡೆದದ್ದನ್ನು ಹೇಳುವಾಗ ಭೂತಕಾಲ. 'ನಾವು' ಎಂದು ಬರೆಯುವುದು ನಾಲ್ವರೂ ಸೇರಿ ನಿರ್ಧರಿಸಿದ್ದಕ್ಕೆ ಮಾತ್ರ. ಬೆಂಚಿನ ಪಕ್ಕ ಕುಳಿತವಳು ಮೇರಿ ಒಬ್ಬಳೇ ಆದ್ದರಿಂದ ಅಲ್ಲಿ 'ವೀಕ್ಷಣೆಯನ್ನು ಗುಂಪಿನ ಒಬ್ಬ ಸದಸ್ಯೆ ಮಾಡಿದರು' ಎಂದೇ ಇರಬೇಕು. ಸಂಕ್ಷೇಪ ಮೊದಲು ಬಂದಲ್ಲಿ ಬಿಡಿಸಿ ಬರೆಯಬೇಕು. ಮೂಲ ಕಡತಗಳನ್ನು ಮುಟ್ಟದೆ ಹಾಗೇ ಇಟ್ಟು, ಹೊಸ ಕಡತವೊಂದನ್ನು ತೆರೆದು, ಬರಿಯ ಅಕ್ಷರಗಳನ್ನಷ್ಟೇ ಅದಕ್ಕೆ ತಂದಳು. ಆಮೇಲೆ ಒಂದೊಂದು ವಾಕ್ಯವನ್ನೂ ಹೊಸದಾಗಿ ಬರೆಯುತ್ತ ಹೋದಳು. ಅರ್ಥ ಅವರದು, ದನಿ ಒಂದೇ. ಇದು ಹೇಗೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಇನ್ನೊಬ್ಬರ ಬಾಯಿಂದ ಮಾತಾಡಿದವಳಿಗೆ ಮೂವರ ಬಾಯಿ ಒಂದು ಮಾಡುವುದು ಯಾವ ಲೆಕ್ಕ.

ಸಂದೇಹ ಬಂದಲ್ಲಿ ಪ್ರಶ್ನೆ ಗುರುತು ಹಾಕಿದಳು. ಮೂವತ್ತೆರಡು ಪ್ರಶ್ನೆಗಳಾದವು. ಅವನ್ನು ಒಂದೇ ಪಟ್ಟಿ ಮಾಡಿ ಮೂವರಿಗೂ ಕಳಿಸಿದ್ದರೆ ಎರಡು ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ಓಲಿಂಡಾ ಹಾಗೆ ಮಾಡಲಿಲ್ಲ. ದಿನಕ್ಕೆ ಒಂದು ಪ್ರಶ್ನೆ, ಒಬ್ಬರಿಗೆ, ಸಂಜೆ ಏಳೂಕಾಲಿಗೆ, ಫೋನು ಮಾಡಿ ಕೇಳುವುದು. ಮಟಾಟು ವ್ಯಾನು ಇಳಿದು, ಬಾಗಿಲು ತೆಗೆದು, ಚಹಾ ಇಟ್ಟು ಕೂತರೆ ಅದೇ ಹೊತ್ತು. ಆ ಹೊತ್ತಿನಲ್ಲಿ ಅವಳ ಫೋನು ಎರಡು ವರ್ಷದಿಂದ ಸುಮ್ಮನೆ ಬಿದ್ದಿತ್ತು. ಈಗ ದಿನಾ ಒಂದು ದನಿ ಬರುತ್ತಿತ್ತು. ಅದನ್ನು ಬೇಗ ಮುಗಿಸಲು ಅವಳಿಗೆ ಮನಸ್ಸಾಗಲಿಲ್ಲ. ಕೆಲಸದ ಅಚ್ಚುಕಟ್ಟು ಎಂದು ಉಳಿದವರು ತಿಳಿದರು. ನಿಜ ಹೇಳಬೇಕೆಂದರೆ ಅವಳಿಗೆ ಒಂಟಿತನ ತಡೆಯಲಾಗುತ್ತಿರಲಿಲ್ಲ.

ನೇಹಾ ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು. ಭಾರ್ಗವ "ಆಂಟಿ, ಮೆಸೇಜ್ ಹಾಕಿದ್ರೆ ಸಾಕಿತ್ತು" ಎನ್ನುತ್ತಿದ್ದ. ಮೇರಿ ಮಾತ್ರ ಮಾತಾಡುತ್ತಿದ್ದಳು, ಇಂಗ್ಲಿಷಿಗೆ ಸ್ವಾಹಿಲಿ ಬೆರೆಸಿ, ಹಿಂದೆ ಪಾತ್ರೆ ಸದ್ದಾಗುತ್ತಿರುವಾಗ. ಇಲ್ಲಿಯವರು ಹಿರಿಯ ಹೆಂಗಸನ್ನು ಕರೆಯುವಂತೆ ಅವಳನ್ನು ಮಾಮಾ ಎನ್ನುತ್ತಿದ್ದಳು.

ಹದಿನೇಳನೆಯ ಪ್ರಶ್ನೆ ಸಣ್ಣದಾಗಿರಲಿಲ್ಲ. ಮೇರಿಯ ಭಾಗದಲ್ಲಿ ರೋಗಿಗಳು ಸರಾಸರಿ ಎಪ್ಪತ್ತೆರಡು ನಿಮಿಷ ಕಾದರು ಎಂದಿತ್ತು. ಭಾರ್ಗವನ ಕೋಷ್ಟಕದಲ್ಲಿ ಅರವತ್ತೊಂಬತ್ತು. ಮೇರಿಯ ಲೆಕ್ಕದಲ್ಲಿ ನಲವತ್ತಾರು ಜನ, ಅವನದರಲ್ಲಿ ನಲವತ್ತೆಂಟು. ದನಿಯೊಂದನ್ನೇ ಸರಿಮಾಡುವ ಅವಸರದಲ್ಲಿದ್ದವರು ಯಾವುದೋ ಒಂದನ್ನು ಅಳಿಸಿ ಮುಂದೆ ಹೋಗುತ್ತಿದ್ದರು.

"ಮಾಮಾ, ಹೆಸರು ಬರೆಸಿದವರು ನಲವತ್ತೆಂಟು" ಎಂದಳು ಮೇರಿ. "ಇಬ್ಬರು ಡಾಕ್ಟರನ್ನು ನೋಡದೆ ಎದ್ದು ಹೋದರು. ಎರಡು ಗಂಟೆ ಕಾದಿದ್ದರು. ಒಬ್ಬರು ಆ ಹಸಿರು ಕೋಟಿನ ಅಜ್ಜಿ. ಅವರು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಹೆಸರು ಕೂಗಿದಾಗ ಬೆಂಚು ಖಾಲಿ."

ಭಾರ್ಗವ ಆ ಇಬ್ಬರ ಎದುರಿನ ಖಾಲಿ ಮನೆಯಲ್ಲಿ ಸೊನ್ನೆ ತುಂಬಿದ್ದ. ಸೊನ್ನೆಗಳು ಸೇರಿ ಸರಾಸರಿ ಇಳಿದಿತ್ತು.

"ಎಲ್ಲರಿಗಿಂತ ಹೆಚ್ಚು ಕಾದವರಿಗೆ ಸೊನ್ನೆ ಹಾಕಿದ್ದೀಯಲ್ಲ ಮಗ" ಎಂದಳು ಓಲಿಂಡಾ, ಮರುದಿನ ಅವನಿಗೆ ಫೋನು ಮಾಡಿ.

"ಓ. ಹೌದಲ್ಲ. ಸರಿ ಮಾಡಿ ಆಂಟಿ" ಎಂದ. ಅವಳು ಸರಿಮಾಡಿ, ಕೋಷ್ಟಕದ ಕೆಳಗೆ ಆ ಇಬ್ಬರನ್ನು ಸರಾಸರಿಯಿಂದ ಯಾಕೆ ಹೊರಗಿಟ್ಟಿದೆ, ಅವರು ಎಷ್ಟು ಕಾದಿದ್ದರು ಎಂದು ಎರಡು ಸಾಲು ಬರೆದಳು. ಹಸಿರು ಕೋಟು ವರದಿಯಲ್ಲಿ ಉಳಿಯಲಿಲ್ಲ, ಆದರೆ ಅಜ್ಜಿ ಉಳಿದರು.

ಕೊನೆಗೆ ಬಂದದ್ದು ಯಾರು ಯಾವ ಕೆಲಸ ಮಾಡಿದರು ಎಂಬ ಹೇಳಿಕೆ. ಕಾಲೇಜಿನ ನಿಯಮದಂತೆ ಅಂಕದಲ್ಲಿ ಎಪ್ಪತ್ತು ವರದಿಗೆ, ಮೂವತ್ತು ಈ ಹೇಳಿಕೆಯನ್ನು ನೋಡಿ ಒಬ್ಬೊಬ್ಬರಿಗೆ ಬೇರೆ ಬೇರೆ. ನಾಲ್ವರೂ ಒಪ್ಪಿ ಸಹಿ ಹಾಕಬೇಕು. ಓಲಿಂಡಾ ಮೂವರ ಕೆಲಸವನ್ನೂ ಹಬ್ಬದ ಊಟ ಬಡಿಸಿದಷ್ಟು ಧಾರಾಳವಾಗಿ ಬರೆದಳು: ಯೋಜನೆ, ಸಮೀಕ್ಷೆ, ವೀಕ್ಷಣೆ, ವಿಶ್ಲೇಷಣೆ, ಮೊದಲ ಕರಡು. ತನ್ನ ಸರದಿ ಬಂದಾಗ ಬೆರಳು ನಿಂತಿತು. ತಾನು ಮಾಡಿದ್ದಕ್ಕೆ ಅವಳ ಬಳಿ ಹೆಸರಿರಲಿಲ್ಲ. ಯೋಚಿಸಿ, ಅಭ್ಯಾಸದಂತೆ ಕೊನೆಯ ಪುಟದ ಮೂಲೆಗೆ ಹೋಗಿ, ದೊಡ್ಡಕ್ಷರದಲ್ಲಿ 'ಜಿ' ಮತ್ತು ನಾಲ್ಕು, ಓರೆಗೆರೆ, ಸಣ್ಣಕ್ಷರದಲ್ಲಿ ಓ, ಎಲ್ ಎಂದು ಹಾಕಿದಳು. ಗುಂಪು ನಾಲ್ಕು ಹೇಳಿತು, ಓಲಿಂಡಾ ಬರೆದಳು. ತಿಳಿಯುವವರಿಗೆ ತಿಳಿಯುತ್ತದೆ ಎಂದುಕೊಂಡಳು. ತಿಳಿಯುವವರೆಲ್ಲ ನಿವೃತ್ತರಾಗಿ ಮನೆ ಸೇರಿ ಎಷ್ಟೋ ಕಾಲವಾಗಿತ್ತು, ಪಾಪ, ಅದು ಅವಳಿಗೆ ಹೊಳೆಯಲಿಲ್ಲ.

ಸಿದ್ಧವಾದ ವರದಿಯನ್ನು ಓದಿ ನೋಡಿ, ನಿಮ್ಮ ಅರ್ಥ ಎಲ್ಲಾದರೂ ತಪ್ಪಿದ್ದರೆ ಹೇಳಿ ಎಂದು ಮೂವರಿಗೂ ಕಳಿಸಿದಳು. ಮೂವರಿಂದಲೂ ಹೆಬ್ಬೆರಳಿನ ಚಿತ್ರ ಬಂತು. ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಹೇಳಿಕೆಗೆ ಸಹಿ ಹಾಕಿದರು. ಒಬ್ಬೊಬ್ಬರೂ ತಮ್ಮ ಹೆಸರಿರುವ ಸಾಲನ್ನು ಬೆರಳಿಟ್ಟು ಓದಿದರು. ನಾಲ್ಕನೆಯ ಹೆಸರು ಇಲ್ಲದಿರುವುದನ್ನು ಯಾರೂ ಗಮನಿಸಲಿಲ್ಲ. ಕೊನೆಯಲ್ಲಿ ಓಲಿಂಡಾ ಸಹಿ ಹಾಕಿದಳು.

ವಾರ ಕಳೆದು ಉಪನ್ಯಾಸಕಿ ಅಚಿಯೆಂಗ್ ನಾಲ್ವರನ್ನೂ ಕೋಣೆಗೆ ಕರೆಸಿದರು. ಕನ್ನಡಕ ಮೂಗಿನ ತುದಿಯಲ್ಲಿತ್ತು, ವರದಿ ಮುಂದಿತ್ತು.

"ಈ ವರ್ಷ ನಾನು ಓದಿದ ಅತ್ಯುತ್ತಮ ವರದಿ ಇದು. ನನಗೆ ತೊಂದರೆಯಾಗಿರುವುದೂ ಅದೇ" ಎಂದರು. "ಮೂವರು ಮೂರು ಭಾಗ ಬರೆದಿರಿ ಎಂದು ಹೇಳಿಕೆ ಹೇಳುತ್ತದೆ. ನಿಮ್ಮ ಮೂವರ ಬರಹವೂ ನನಗೆ ಗೊತ್ತು, ವರ್ಷವಿಡೀ ತಿದ್ದಿದ್ದೇನೆ. ಇದು ಮೂವರದೂ ಅಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಕೈ. ದುಡ್ಡು ಕೊಟ್ಟರೆ ಬರೆದುಕೊಡುವವರು ಈ ಊರಿನಲ್ಲಿದ್ದಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ಯಾರು ಬರೆದರು?"

ಅಚಿಯೆಂಗ್ ಮೂವರ ಮುಖವನ್ನೂ ನೋಡಿ ಓಲಿಂಡಾಳ ಕಡೆ ತಿರುಗಿದರು. "ಮತ್ತು ನೀವು. ಹೇಳಿಕೆಯಲ್ಲಿ ನೀವಿಲ್ಲ. ಈಗಿನ ಸ್ಥಿತಿಯಲ್ಲಿ ನಿಮ್ಮ ಮೂವತ್ತಕ್ಕೆ ನಾನು ಸೊನ್ನೆ ಹಾಕಬೇಕು. ಆ ಭಾಗದಲ್ಲಿ ಸೊನ್ನೆ ಬಂದವರಿಗೆ ಡಿಪ್ಲೊಮಾ ಸಿಗುವುದಿಲ್ಲ. ನೀವು ಏನು ಮಾಡಿದಿರಿ?"

ಸೊನ್ನೆ ಎಂಬ ಮಾತಿಗೆ ಭಾರ್ಗವ ತಲೆಯೆತ್ತಿದ.

"ಟೈಪ್ ಮಾಡಿದೆ" ಎಂದಳು ಓಲಿಂಡಾ. ಆಮೇಲೆ ಕೊನೆಯ ಪುಟದ ಮೂಲೆಯನ್ನು ತೋರಿಸಿದಳು. "ಅಲ್ಲಿ ಹಾಕಿದ್ದೇನೆ, ಮೇಡಮ್."

"ಇದು ಕಡತದ ನಂಬರಲ್ಲವೇ?" ಎಂದರು ಅಚಿಯೆಂಗ್.

ಓಲಿಂಡಾಳಿಗೆ ಕಿವಿ ಬಿಸಿಯಾಯಿತು. ಇಪ್ಪತ್ತೊಂಬತ್ತು ವರ್ಷ ಸಾವಿರಾರು ಪತ್ರಗಳ ಮೂಲೆಯಲ್ಲಿ ಹಾಕಿದ್ದನ್ನು ಜನ ಏನೆಂದು ಓದಿದ್ದರೋ, ಓದಿದ್ದರೋ ಇಲ್ಲವೋ. ಅವಳು ನೋಡಬೇಡವೆಂದರೂ ಉಳಿದ ಮೂವರ ಮುಖ ನೋಡಿದಳು. ಹೇಳಿಕೆಯಲ್ಲಿ ಅವಳಿಲ್ಲವೆಂದು ಅವರಿಗೂ ಈಗಷ್ಟೇ ಗೊತ್ತಾಗುತ್ತಿತ್ತು. ಅದು ಉಪನ್ಯಾಸಕಿಯ ಸಂಶಯಕ್ಕಿಂತ ಹೆಚ್ಚು ನೋಯಿಸಿತು.

"ಮಾಮಾ ದಿನಾ ಫೋನು ಮಾಡುತ್ತಿದ್ದರು" ಎಂದಳು ಮೇರಿ ಮೆಲ್ಲಗೆ. "ದಿನಕ್ಕೆ ಒಂದು ಪ್ರಶ್ನೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು."

ನೀಲಿ ನೋಟ್‌ಬುಕ್ ಚೀಲದಲ್ಲೇ ಇತ್ತು. ಅಚಿಯೆಂಗ್ ಅದನ್ನು ಪುಟ ಪುಟವಾಗಿ ತಿರುವಿದರು. ನಿಯಮಗಳು, ಮೂವತ್ತೆರಡು ಪ್ರಶ್ನೆಗಳು, ಪ್ರತಿಯೊಂದರ ಎದುರಿಗೆ ತಾರೀಖು, ಉತ್ತರ ಕೊಟ್ಟವರ ಹೆಸರು. ಹದಿನೇಳನೆಯದರ ಬಳಿ ಬಹಳ ಹೊತ್ತು ನಿಂತರು. ಮೂವರ ಮೂಲ ಕಡತಗಳನ್ನೂ, ಜೋಡಿಸಿದ ಕಡತದ ದಿನದಿನದ ಪ್ರತಿಗಳನ್ನೂ ಅಲ್ಲೇ ಕಂಪ್ಯೂಟರಿನಲ್ಲಿ ತೆರೆಸಿ ನೋಡಿದರು.

"ಇದಕ್ಕೆ ಟೈಪಿಂಗ್ ಅನ್ನುತ್ತೀರಾ?" ಎಂದರು. "ವರದಿಯಲ್ಲಿ ತಪ್ಪಿಲ್ಲ. ಹೇಳಿಕೆಯಲ್ಲಿ ತಪ್ಪಿದೆ. ನಿಮ್ಮ ವಿನಯದಿಂದ ಈ ಮೂವರೂ ಕಳ್ಳರಾಗುತ್ತಿದ್ದರು. ಬರೆಯಿರಿ, ಈಗಲೇ, ಮೂವರ ಕೆಳಗೆ, ನಿಮ್ಮ ಹೆಸರಿನಿಂದ ಸಾಲು ಶುರುಮಾಡಿ. ನಾಲ್ವರೂ ಒಪ್ಪಿದರೆ ಮತ್ತೆ ಸಹಿ."

ಓಲಿಂಡಾ ಪೆನ್ನು ಹಿಡಿದಳು. ಕಡಕ್ ಪತ್ರ ಬರೆದ ಕೈ, ಸಂತಾಪ ಸೂಚಿಸಿದ ಕೈ, ವೈದ್ಯರ ಸಂಘಕ್ಕೆ ಡಾಕ್ಟರ ರಾಜೀನಾಮೆಯನ್ನೂ ಬರೆದುಕೊಟ್ಟ ಕೈ, ತನ್ನ ಹೆಸರು ಬರೆದು ಮುಂದೆ ಹೋಗಲಾರದೆ ನಿಂತಿತು. ಭಾರ್ಗವ ಕುರ್ಚಿ ಹತ್ತಿರ ಎಳೆದುಕೊಂಡ.

"ಆಂಟಿ, ನನ್ನ ಸರಾಸರಿ ತಪ್ಪು ಹಿಡಿದದ್ದು ಹಾಕಿ" ಎಂದ. ಅವನ ದನಿ ಸಣ್ಣದಾಗಿತ್ತು. "ನಾನು ಓದಿರಲಿಲ್ಲ. ಸುಮ್ನೆ ಹೆಬ್ಬೆಟ್ಟು ಒತ್ತಿದ್ದೆ. ಸಾರಿ ಆಂಟಿ."

"ನಾನೂ" ಎಂದಳು ನೇಹಾ.

ಅವಳು ಬರೆದಳು: ಓಲಿಂಡಾ ಲೋಬೊ ಮೂರು ಕರಡುಗಳನ್ನು ಒಂದು ವರದಿಯಾಗಿ ಜೋಡಿಸಿದರು, ಒಂದೇ ದನಿಯಲ್ಲಿ ಪೂರ್ತಿಯಾಗಿ ಪುನಃ ಬರೆದರು, ಭಾಗಗಳ ನಡುವಿನ ವಿರೋಧಗಳನ್ನು ಗುರುತಿಸಿ ಬರೆದವರೊಡನೆ ಪರಿಶೀಲಿಸಿದರು, ಸರಾಸರಿಯ ತಪ್ಪನ್ನು ತಿದ್ದಿದರು. ಮೂವರ ಸಾಲುಗಳಿಗಿಂತ ಅದು ಉದ್ದವಾಗಿತ್ತು. ಅದನ್ನು ನೋಡಿ ಅವಳಿಗೆ ನಾಚಿಕೆಯಾಯಿತು; ಒಂದು ಪದವನ್ನೂ ಹೊಡೆದುಹಾಕಲಿಲ್ಲ. ಎಲ್ಲರೂ ಈ ಸಲ ಪೂರ್ತಿ ಓದಿ ಸಹಿ ಹಾಕಿದರು. ಹೊಸ ಸಾಲನ್ನು ಕಡತಕ್ಕೂ ಸೇರಿಸಿ, ಮೂಲೆಯ ಸಣ್ಣಕ್ಷರಗಳನ್ನು ಅವಳೇ ಅಳಿಸಿದಳು.

ಮೂವತ್ತಕ್ಕೆ ಇಪ್ಪತ್ತೆಂಟು ಬಂತು, ಡಿಪ್ಲೊಮಾವೂ ಬಂತು. ಹೊಸ ಮಾಲೀಕರು ಕರಾರು ಮುಂದುವರಿಸಿದರು. ಗುಂಪಿನ ವಾಟ್ಸಾಪಿನಲ್ಲಿ ಭಾರ್ಗವ ಎಲ್ಲರಿಗೂ ವಂದನೆ ಹೇಳಿ ಹೊರಗೆ ಹೋದ. ಮರುದಿನ ನೇಹಾ ಹೋದಳು. ಮೇರಿಗೆ ರಾತ್ರಿ ಪಾಳಿ ಬಿತ್ತು. ಅವಳು ಒಳಗೇ ಇದ್ದಳು, ಮಾತಿಗೆ ಸಿಗುತ್ತಿರಲಿಲ್ಲ. ಸಂಜೆ ಏಳೂಕಾಲಿಗೆ ಚಹಾ ಇಟ್ಟು ಕೂತರೆ ಕೇಳಲು ಪ್ರಶ್ನೆಗಳೇ ಉಳಿದಿರಲಿಲ್ಲ. ಅವಳ ಜೀವನದಲ್ಲಿ ಮೊದಲ ಬಾರಿ ಹೆಸರು ಬಂದಿತ್ತು, ಅದನ್ನು ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗೆ ಕೂತು ಒಂದು ಸಂಜೆ ಅವಳು ಅತ್ತಳು.

ಮರುದಿನ ವರದಿಯನ್ನು ಮಂಗಳೂರಿಗೆ, ಡಾಕ್ಟರ್ ಕ್ರಿಸ್ಟೋಫರ್ ಅವರಿಗೆ ಇಮೇಲಿನಲ್ಲಿ ಕಳಿಸಿದಳು. ಒಂದು ವಾರಕ್ಕೆ ಉತ್ತರ ಬಂತು. ಕಾರ್ಯದರ್ಶಿ ಇಲ್ಲದ ಡಾಕ್ಟರು ಒಂದೇ ಬೆರಳಿನಲ್ಲಿ ಕುಟ್ಟಿದ್ದರು, ಸಾಲುಗಳೆಲ್ಲ ಓರೆಕೋರೆ.

"ಓಲಿಂಡಾ, ಬಹಳ ಚೆನ್ನಾಗಿದೆ. ಬರೆದವರು ಯಾರೋ, ನನ್ನ ಅಭಿನಂದನೆ ತಿಳಿಸು. ಆದರೆ ಕೊನೆಯ ಪುಟದ ಮೂಲೆಯಲ್ಲಿ ನಿನ್ನ ಸಣ್ಣಕ್ಷರ ಹುಡುಕಿದೆ, ಕಾಣಲಿಲ್ಲ. ನಾನು ಯಾವಾಗಲೂ ಮೊದಲು ಅದನ್ನೇ ನೋಡಿ ಆಮೇಲೆ ಸಹಿ ಹಾಕುತ್ತಿದ್ದೆ. ಈ ಸಲ ಟೈಪ್ ಮಾಡಿದ್ದು ನೀನಲ್ಲವೇ?"

ಓಲಿಂಡಾ ಅದನ್ನು ಎರಡು ಸಲ ಓದಿದಳು. ಹಾಗಾದರೆ ಒಬ್ಬರು ನೋಡುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ದಿನಾ ನೋಡುತ್ತಿದ್ದರು, ಒಂದು ಮಾತು ಹೇಳಲಿಲ್ಲ. ಅವಳಿಗೆ ಸಂತೋಷವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಚಹಾ ಆರಿಹೋಯಿತು. ಗಡಿಯಾರ ನೋಡಿದಳು, ಏಳೂಕಾಲು ದಾಟಿತ್ತು. ಕುರ್ಚಿ ಎಳೆದುಕೊಂಡು ಉತ್ತರ ಬರೆದಳು.

"ಡಾಕ್ಟರ್, ಮೂಲೆಯಲ್ಲಿ ಹುಡುಕಬೇಡಿ. ಮೂವತ್ತೊಂದನೆಯ ಪುಟ, ಯಾರು ಏನು ಮಾಡಿದರೆಂಬ ಹೇಳಿಕೆ, ನಾಲ್ಕನೆಯ ಹೆಸರು ಓದಿ. ಓದಿ ಆದ ಮೇಲೆ ಫೋನು ಮಾಡಿ, ನಾನು ಮನೆಯಲ್ಲಿ ಇದ್ದೇನೆ."

ಕೆಳಗೆ ಪೂರ್ತಿ ಹೆಸರು ಹಾಕಿ ಕಳಿಸಿದಳು.